ತ್ರೀ ಫೇಸ್ ಮೋಟಾರ್ ‘3 ಹಂತ’ ಆದ ಕಥೆ: ಮೊಬೈಲ್ ಮಾಡಿದ ಅನುವಾದವನ್ನು ಹಾಗೇ ಹಾಕಬೇಡಿ, ಮೊದಲು ಇಷ್ಟು ನೋಡಿ

ತಾಲೂಕು ಕೇಂದ್ರದ ಪಂಪ್‌ಸೆಟ್ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳವರು ಈಗ ಮಾಲಿನ ಫೋಟೋ, ವಿವರ, ರೇಟು ಎಲ್ಲವನ್ನೂ ವಾಟ್ಸಾಪ್ ಕ್ಯಾಟಲಾಗ್‌ಗೋ ಆನ್‌ಲೈನ್ ಮಾರಾಟದ ಆ್ಯಪ್‌ಗೋ ಹಾಕುತ್ತಾರೆ. ಕಂಪನಿ ಕೊಡುವ ಪಾಂಪ್ಲೆಟ್ ಇಂಗ್ಲಿಷ್‌ನಲ್ಲಿರುತ್ತೆ. ಗಿರಾಕಿಗೆ ಕನ್ನಡ ಬೇಕು. ಹಾಗಾಗಿ ಇಂಗ್ಲಿಷ್ ವಿವರವನ್ನು ಅನುವಾದದ ಆ್ಯಪ್‌ಗೆ ಹಾಕಿ, ಬಂದದ್ದನ್ನು ಕಾಪಿ ಮಾಡಿ ಅಂಟಿಸಿಬಿಡುತ್ತಾರೆ. ಎರಡು ನಿಮಿಷದ ಕೆಲಸ.

ತೊಂದರೆ ಶುರುವಾಗೋದು ಅಲ್ಲೇ. ಸೀರೆಯ ಬಣ್ಣ ತಪ್ಪಾದರೆ ಬದಲಾಯಿಸಿ ಕೊಡಬಹುದು. ಬೋರ್‌ವೆಲ್ ಮೋಟಾರ್ ಹಾಗಲ್ಲ. ಒಮ್ಮೆ ಒಳಗೆ ಬಿಟ್ಟ ಮೇಲೆ ತಪ್ಪು ಮಾಲು ಅಂತ ಗೊತ್ತಾದರೆ ಪೈಪು, ಕೇಬಲ್ಲು ಸಮೇತ ಮತ್ತೆ ಮೇಲೆ ಎತ್ತಿಸಬೇಕು. ಇಳಿಸಿದ ಕೂಲಿ ಹೋಯಿತು, ಎತ್ತುವ ಕೂಲಿ ಬೇರೆ, ಅಷ್ಟರಲ್ಲಿ ಬೆಳೆ ಒಣಗುತ್ತೆ. ಅದಕ್ಕೇ ಈ ವರದಿಗೆ ಬೋರ್‌ವೆಲ್ ಪಂಪ್‌ಸೆಟ್‌ನ ಒಂದು ಲಿಸ್ಟಿಂಗನ್ನೇ ಮಾದರಿಯಾಗಿ ತೆಗೆದುಕೊಂಡು, ಅನುವಾದದಲ್ಲಿ ಎಲ್ಲೆಲ್ಲಿ ತಪ್ಪು ನುಸುಳುತ್ತೆ, ಅದನ್ನು ಹಿಡಿಯೋದು ಹೇಗೆ ಅಂತ ಸಾಲು ಸಾಲಾಗಿ ನೋಡೋಣ.

ಪಾಂಪ್ಲೆಟ್‌ನಲ್ಲಿ ಇದ್ದದ್ದು, ಕನ್ನಡದಲ್ಲಿ ಬಂದದ್ದು

ಪಾಂಪ್ಲೆಟ್‌ನ ವಿವರ ಸಾಮಾನ್ಯವಾಗಿ ಹೀಗಿರುತ್ತೆ:

```
V6 Submersible Pumpset, 7.5 HP, 3 Phase, 15 Stage
Head 80-165 m, Discharge 210-60 LPM
Delivery 2", Bore 6", Cable extra
```

ಇದನ್ನು ಹಾಗೇ ಅನುವಾದಕ್ಕೆ ಕೊಟ್ಟರೆ ಬರಬಹುದಾದ ಕನ್ನಡ ಇಂಥದ್ದು: “ವಿ6 ಮುಳುಗುವ ಸೆಟ್, 7.5 ಎಚ್‌ಪಿ, 3 ಹಂತ, 15 ಹಂತ. ತಲೆ 80-165, ಬಿಡುಗಡೆ ಗಂಟೆಗೆ 210-60 ಲೀಟರ್. ವಿತರಣೆ 2, ಬೋರ್ 6, ಹೆಚ್ಚುವರಿ ಕೇಬಲ್.”

ಎಲ್ಲ ಆ್ಯಪ್‌ಗಳೂ ಇದೇ ತಪ್ಪು ಮಾಡುತ್ತವೆ ಅಂತೇನಿಲ್ಲ. ಒಂದರಲ್ಲಿ ಸರಿ ಬಂದದ್ದು ಇನ್ನೊಂದರಲ್ಲಿ ಕೆಡಬಹುದು. ಆದರೆ ತಪ್ಪು ಬರುವ ಜಾಗಗಳು ಮಾತ್ರ ಹೆಚ್ಚುಕಮ್ಮಿ ಇವೇ. ಪೂರ್ತಿ ವಾಕ್ಯ ಇದ್ದರೆ ಆ್ಯಪ್‌ಗೆ ಸಂದರ್ಭ ಗೊತ್ತಾಗುತ್ತೆ. ಪಾಂಪ್ಲೆಟ್‌ನಲ್ಲಿ ಇರೋದು ಬರೀ ತುಂಡು ಪದಗಳು, ಒಂದಕ್ಷರದ ಗುರುತುಗಳು. ಹಾಗಾಗಿ ಅದು ಊಹೆ ಮಾಡುತ್ತೆ. ಊಹೆ ಮಾಡಿದ್ದನ್ನೂ ಖಚಿತವಾಗಿ ಗೊತ್ತಿದ್ದಂತೆಯೇ ಬರೆದುಕೊಡುತ್ತೆ. ಅನುಮಾನ ಇದೆ ಅಂತ ಎಲ್ಲೂ ಗುರುತು ಹಾಕೋದಿಲ್ಲ.

ಅಂಕಿ ಸರಿ ಇದೆ, ಬಾಲ ಎಲ್ಲಿ?

ಬಹಳ ಜನ ಅನುವಾದ ಬಂದ ಮೇಲೆ ಅಂಕಿಗಳನ್ನಷ್ಟೇ ನೋಡುತ್ತಾರೆ. ಮೇಲಿನ ಮಾದರಿಯಲ್ಲಿ ಮಾಡೆಲ್ ಹೆಸರು ಬಿಟ್ಟು 9 ಅಂಕಿಗಳಿವೆ: 7.5, 3, 15, 80, 165, 210, 60, 2, 6. ಕನ್ನಡದಲ್ಲೂ ಒಂಬತ್ತೂ ಬಂದಿವೆ. ಒಂದೂ ಬದಲಾಗಿಲ್ಲ. ಅಲ್ಲಿಗೆ ಸರಿ ಇದೆ ಅಂತ ಸಮಾಧಾನ ಮಾಡಿಕೊಂಡು ಪೋಸ್ಟ್ ಮಾಡುತ್ತಾರೆ.

ಅಸಲಿ ವಿಷಯ ಇಷ್ಟೇ: ಇಂಥ ಅನುವಾದದಲ್ಲಿ ಅಂಕಿ ಕೆಡೋದು ಅಪರೂಪ, ಅಂಕಿಯ ಹಿಂದಿನ ಬಾಲ ಕೆಡೋದು ಹೆಚ್ಚು. ಬಾಲ ಅಂದರೆ ಮೀಟರ್, ಅಡಿ, ಇಂಚು, ನಿಮಿಷಕ್ಕೆ, ಗಂಟೆಗೆ ಇತ್ಯಾದಿ ಅಳತೆ. ಹಾಗಾಗಿ ಅಂಕಿಯನ್ನು ಒಂಟಿಯಾಗಿ ನೋಡದೆ ಅದರ ಬಾಲದ ಜೊತೆ ಜೋಡಿಯಾಗಿ ನೋಡಬೇಕು.

ಮೊದಲು ಹೆಡ್ ನೋಡಿ. ಮೂಲದಲ್ಲಿ `80-165 m`, ಅಂದರೆ 80ರಿಂದ 165 ಮೀಟರ್. ಕನ್ನಡದಲ್ಲಿ `m` ಬಿದ್ದೇ ಹೋಗಿದೆ. ಉಳಿದಿರೋದು “80-165” ಅಷ್ಟೇ. ನಮ್ಮ ಕಡೆ ಬೋರ್‌ವೆಲ್ ಆಳವನ್ನು ಎಲ್ಲರೂ ಅಡಿಯಲ್ಲೇ ಹೇಳೋದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ಗಳಿವೆ ಅಂತಾರೆಯೇ ಹೊರತು 300 ಮೀಟರ್ ಅಂತ ಯಾರೂ ಅನ್ನಲ್ಲ. ಹಾಗಾಗಿ ಬಾಲ ಇಲ್ಲದ 165 ಅನ್ನೋದು ಓದುವವರ ಮನಸ್ಸಲ್ಲಿ ತಾನೇ ತಾನಾಗಿ 165 ಅಡಿ ಆಗುತ್ತೆ. ಒಂದು ಮೀಟರ್‌ಗೆ ಸುಮಾರು 3.28 ಅಡಿ. ಅಂದರೆ ಈ ಪಂಪ್‌ನ ಅಸಲಿ ಹೆಡ್ ಸುಮಾರು 260 ಅಡಿಯಿಂದ 540 ಅಡಿ.

ಇದರಿಂದ ಎರಡು ಕಡೆಯಿಂದಲೂ ನಷ್ಟ. 400 ಅಡಿಯಿಂದ ನೀರೆತ್ತಬೇಕಾದ ರೈತ ಇದು ನಮಗೆ ಸಾಲಲ್ಲ ಅಂತ ಬಿಟ್ಟು ಹೋಗುತ್ತಾನೆ. ಅವನಿಗೆ ಬೇಕಾದ ಪಂಪ್ ಇದೇ ಆಗಿರುತ್ತೆ. ಇನ್ನೊಂದು ಕಡೆ, 120 ಅಡಿಯಿಂದ ಎತ್ತಿದರೆ ಸಾಕು ಅನ್ನುವವನು ಇದನ್ನು ಕೊಂಡೊಯ್ಯುತ್ತಾನೆ. ಪಂಪನ್ನು ಅದರ ಹೆಡ್‌ಗಿಂತ ತೀರಾ ಕಡಿಮೆ ಎತ್ತರಕ್ಕೆ ಓಡಿಸಿದರೆ ಅದು ನೀರನ್ನು ಜಾಸ್ತಿ ಹೊಡೆಯುತ್ತೆ, ಮೋಟಾರ್ ಹೆಚ್ಚು ಆಂಪ್ಸ್ ಎಳೆಯುತ್ತೆ, ವೈಂಡಿಂಗ್ ಸುಡುವ ಅಪಾಯ ಇರುತ್ತೆ. ಬೋರ್‌ನಲ್ಲಿ ಅಷ್ಟು ನೀರು ಇಲ್ಲದಿದ್ದರೆ ಪಂಪ್ ಡ್ರೈ ಆಗಿ ಓಡುತ್ತೆ. ಬಿದ್ದು ಹೋಗಿದ್ದು ಒಂದೇ ಒಂದು ಅಕ್ಷರ.

ಎರಡನೆಯದು `LPM`. ಇದು ನಿಮಿಷಕ್ಕೆ ಇಷ್ಟು ಲೀಟರ್ ಅಂತ. ಅನುವಾದದಲ್ಲಿ ಇದು “ಗಂಟೆಗೆ” ಆಗಿದೆ. 60 ಪಟ್ಟು ವ್ಯತ್ಯಾಸ. ಇದನ್ನು ಹಿಡಿಯಲು ಕ್ಯಾಲ್ಕುಲೇಟರ್ ಬೇಕಿಲ್ಲ, 200 ಲೀಟರ್ ಡ್ರಮ್ ನೆನಪು ಮಾಡಿಕೊಂಡರೆ ಸಾಕು. ನಿಮಿಷಕ್ಕೆ 210 ಲೀಟರ್ ಅಂದರೆ ಒಂದು ಡ್ರಮ್ ಒಂದು ನಿಮಿಷದೊಳಗೆ ತುಂಬುತ್ತೆ. ಗಂಟೆಗೆ 210 ಲೀಟರ್ ಅಂದರೆ ಅದೇ ಡ್ರಮ್ ತುಂಬೋಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಏಳೂವರೆ ಎಚ್‌ಪಿ ಮೋಟಾರ್ ಹಾಕಿ ಗಂಟೆಗೊಂದು ಡ್ರಮ್ ತುಂಬಿಸಿಕೊಳ್ಳುವ ರೈತ ಯಾರಿದ್ದಾರೆ? ಹೀಗೆ ಪ್ರತಿ ಅಳತೆಯನ್ನೂ ಕಣ್ಣಿಗೆ ಕಾಣುವ ಒಂದು ವಸ್ತುವಿನ ಜೊತೆ ಹೋಲಿಸಿ ನೋಡಿದರೆ ತಪ್ಪು ತಾನಾಗೇ ಎದ್ದು ಕಾಣುತ್ತೆ.

ಎರಡು ಇಂಚು: ಪೈಪೋ, ನೀರೋ?

ಮೂರನೆಯದು ಇಂಚಿನ ಗುರುತು. ಪಾಂಪ್ಲೆಟ್‌ಗಳಲ್ಲಿ ಇಂಚು ಅಂತ ಬರೆಯುವ ಬದಲು `2"` ಅಂತ ಎರಡು ಚಿಕ್ಕ ಗೀಟು ಹಾಕಿರುತ್ತಾರೆ. ಆ್ಯಪ್ ಇದನ್ನು ಉದ್ಧರಣ ಚಿಹ್ನೆ ಅಂದುಕೊಂಡು ಕಿತ್ತು ಹಾಕಬಹುದು. ಆಗ ಉಳಿಯೋದು “ವಿತರಣೆ 2”. ಎರಡು ಕಡೆ ವಿತರಣೆ ಇದೆಯೋ, ಎರಡು ದಿನದಲ್ಲಿ ಮನೆಗೆ ತಲುಪಿಸುತ್ತಾರೋ ಅಂತ ಗಿರಾಕಿ ತಲೆ ಕೆರೆದುಕೊಳ್ಳಬೇಕು.

ಸರಿ, ಇಂಚು ಅಂತ ಕೈಯಿಂದ ಸೇರಿಸಿದೆವು ಅಂದುಕೊಳ್ಳಿ. ಅಷ್ಟಕ್ಕೇ ಮುಗಿಯಲ್ಲ. ನಮ್ಮ ಊರುಗಳಲ್ಲಿ “ಎರಡು ಇಂಚು ನೀರು ಬಿದ್ದಿದೆ” ಅನ್ನೋದು ಬೋರ್‌ನಲ್ಲಿ ಸಿಕ್ಕ ನೀರಿನ ಪ್ರಮಾಣದ ಮಾತು. ವಿ ಆಕಾರದ ತಗಡಿನ ಮೇಲೆ ನೀರು ಎಷ್ಟು ಇಂಚು ಹರಿಯುತ್ತೆ ಅಂತ ನೋಡಿ ಹೇಳುವ ಲೆಕ್ಕ ಅದು. ಡೆಲಿವರಿ ಎರಡು ಇಂಚು ಅನ್ನೋದು ಪೈಪಿನ ಸೈಜು. ಡೆಲಿವರಿ ಪೈಪ್ ಅನ್ನುವ ಪದ ಬಿದ್ದು ಹೋಗಿ ಬರೀ “2 ಇಂಚು” ಅಂತ ಉಳಿದರೆ, ಈ ಪಂಪ್ ಎರಡು ಇಂಚು ನೀರು ಕೊಡುತ್ತೆ ಅಂತಲೇ ಓದಿಕೊಳ್ಳುವವರಿದ್ದಾರೆ.

ಇನ್ನೊಂದು ಎಚ್ಚರಿಕೆ. ಇಂಚನ್ನು ಮಿಲಿಮೀಟರ್‌ಗೆ ಬದಲಾಯಿಸಿಕೊಂಡು ಹಾಕುವ ಅಭ್ಯಾಸ ಕೆಲವರಿಗಿದೆ. ಲೆಕ್ಕದ ಪ್ರಕಾರ 2 ಇಂಚು ಅಂದರೆ 50.8 ಮಿಲಿಮೀಟರ್. ಆದರೆ ಅಂಗಡಿಯಲ್ಲಿ 2 ಇಂಚು ಅಂತ ಮಾರುವ ಪಿವಿಸಿ ಪೈಪಿನ ಹೊರ ಅಳತೆ 63 ಮಿಲಿಮೀಟರ್. 50 ಮಿಲಿಮೀಟರ್ ಅಂತ ಬರೋದು ಒಂದೂವರೆ ಇಂಚಿನ ಪೈಪ್. ಲೆಕ್ಕ ಸರಿಯಾಗೇ ಇದ್ದರೂ ಮಾಲು ತಪ್ಪಿತು. ಹಾಗಾಗಿ ಸೈಜಿನ ಹೆಸರನ್ನು ಪರಿವರ್ತಿಸಲು ಹೋಗಬೇಡಿ. ಪಾಂಪ್ಲೆಟ್‌ನಲ್ಲಿ ಯಾವುದಿದೆಯೋ ಅದನ್ನೇ ಬರೆಯಿರಿ. ಹೆಡ್‌ನಂಥ ನಿಜವಾದ ಎತ್ತರವನ್ನು ಮಾತ್ರ ಮೀಟರ್ ಮತ್ತು ಅಡಿ ಎರಡರಲ್ಲೂ ಕೊಡಿ. ಕಂಪನಿಯ ಲೆಕ್ಕ ಮೀಟರ್‌ನಲ್ಲಿದೆ, ಊರಿನ ಮಾತು ಅಡಿಯಲ್ಲಿದೆ, ಎರಡೂ ಇದ್ದರೆ ಜಗಳ ಇಲ್ಲ.

ಫೇಸೂ ಹಂತ, ಸ್ಟೇಜೂ ಹಂತ

ಅಳತೆ ಆಯಿತು, ಈಗ ಮಾಲಿನ ಪದಗಳು. ಮಾದರಿಯಲ್ಲಿ `Phase` ಮತ್ತು `Stage` ಎರಡೂ “ಹಂತ” ಆಗಿವೆ. ನಿಘಂಟು ನೋಡಿದರೆ ಎರಡಕ್ಕೂ ಆ ಅರ್ಥ ಇದೆ, ತಪ್ಪು ಅನ್ನೋಕಾಗಲ್ಲ. ಆದರೆ ಪಂಪ್ ಅಂಗಡಿಯಲ್ಲಿ ಎರಡೂ ಬೇರೆ ಬೇರೆ. ಫೇಸ್ ಕರೆಂಟಿಗೆ ಸಂಬಂಧಿಸಿದ್ದು. ಸ್ಟೇಜ್ ಅಂದರೆ ಪಂಪ್‌ನೊಳಗೆ ಒಂದರ ಮೇಲೊಂದು ಕೂತ ಬೌಲ್ ಮತ್ತು ಇಂಪೆಲ್ಲರ್ ಜೋಡಿಗಳ ಸಂಖ್ಯೆ. ಸ್ಟೇಜ್ ಹೆಚ್ಚಾದಷ್ಟೂ ನೀರನ್ನು ಹೆಚ್ಚು ಎತ್ತರಕ್ಕೆ ತಳ್ಳುತ್ತೆ.

ಹೊಲದಲ್ಲಿ ಬೋರ್ ಇರುವವರು ಫೋನ್ ಮಾಡಿದಾಗ ಮೊದಲು ಕೇಳೋದೇ “ತ್ರೀ ಫೇಸಾ, ಸಿಂಗಲ್ ಫೇಸಾ?” ಅಂತ. ಮನೆಗೆ ಬರುವ ಸಿಂಗಲ್ ಫೇಸ್ 230 ವೋಲ್ಟ್, ತ್ರೀ ಫೇಸ್ 415 ವೋಲ್ಟ್. ಸ್ಟಾರ್ಟರ್ ಬೇರೆ, ಪ್ಯಾನಲ್ ಬೋರ್ಡ್ ಬೇರೆ. ಅಷ್ಟು ಮುಖ್ಯವಾದ ಮಾತು “3 ಹಂತ, 15 ಹಂತ” ಅನ್ನುವ ಸಾಲಿನಲ್ಲಿ ಕಳೆದುಹೋಗಿದೆ. ಮೇಲಾಗಿ ಗಿರಾಕಿ ಹುಡುಕೋದು “ತ್ರೀ ಫೇಸ್ ಮೋಟಾರ್” ಅಂತ. ಲಿಸ್ಟಿಂಗ್‌ನಲ್ಲಿ ಆ ಪದವೇ ಇಲ್ಲದಿದ್ದರೆ ಹುಡುಕಿದಾಗ ಸಿಗೋದು ಕಷ್ಟ.

ಮೊದಲ ಸಾಲಿನಲ್ಲೇ ಇನ್ನೊಂದು ಪದ ಮಾಯವಾಗಿದೆ ನೋಡಿ. ಪಂಪ್‌ಸೆಟ್ ಅನ್ನೋದು ಬರೀ “ಸೆಟ್” ಆಗಿದೆ. ಇದ್ದ ಸಬ್‌ಮರ್ಸಿಬಲ್ ಕೂಡ “ಮುಳುಗುವ” ಆಗಿದೆ. “ಮುಳುಗುವ ಸೆಟ್” ಅಂತ ಓದಿ ಇದು ಮೋಟಾರ್ ಅಂತ ಯಾರಿಗೆ ಹೊಳೆಯಬೇಕು? ಇನ್ನು ಹೆಡ್ “ತಲೆ” ಆಗಿದೆ. ಡಿಸ್ಚಾರ್ಜ್ “ಬಿಡುಗಡೆ” ಆಗಿದೆ, ಜೈಲಿನಿಂದಲೋ ಆಸ್ಪತ್ರೆಯಿಂದಲೋ ಹೊರಗೆ ಬಂದಂತೆ.

ಇದಕ್ಕೆ ಪರಿಹಾರ ಒಂದೇ ಒಂದು ಹಾಳೆ. ಅಂಗಡಿಯಲ್ಲಿ ಮಾರುವ ಮಾಲಿಗೆ ಬೇಕಾದ ಇಪ್ಪತ್ತು ಇಪ್ಪತ್ತೈದು ಪದಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳೋದು. ಎಡಗಡೆ ಪಾಂಪ್ಲೆಟ್‌ನ ಪದ, ಬಲಗಡೆ ಗಿರಾಕಿ ಫೋನಲ್ಲಿ ಬಳಸುವ ಪದ. ಫೇಸ್‌ಗೆ ಫೇಸ್, ಸ್ಟೇಜ್‌ಗೆ ಸ್ಟೇಜ್, ಹೆಡ್‌ಗೆ “ನೀರು ಎತ್ತುವ ಎತ್ತರ (ಹೆಡ್)”, ಡಿಸ್ಚಾರ್ಜ್‌ಗೆ “ನೀರು ಹೊಡೆಯುವ ಪ್ರಮಾಣ”, ವೈಂಡಿಂಗ್‌ಗೆ ವೈಂಡಿಂಗ್. ಅಚ್ಚ ಕನ್ನಡ ಪದ ಇದೆಯಾ ಅನ್ನೋದು ಇಲ್ಲಿ ಪ್ರಶ್ನೆಯಲ್ಲ. ಕೌಂಟರ್ ಮುಂದೆ ನಿಂತವರು ಏನಂತ ಕೇಳುತ್ತಾರೆ ಅನ್ನೋದು ಪ್ರಶ್ನೆ. ಅನುವಾದ ಬಂದ ಮೇಲೆ ಈ ಹಾಳೆ ಪಕ್ಕದಲ್ಲಿಟ್ಟುಕೊಂಡು ಪ್ರತಿ ಪದ ಅದರಂತೆಯೇ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ತಿದ್ದಬೇಕು. ವಿ6 ಥರದ ಮಾಡೆಲ್ ಹೆಸರನ್ನು ಮಾತ್ರ ಮುಟ್ಟಲೇಬಾರದು.

ಹೆಚ್ಚುವರಿ ಕೇಬಲ್ ಯಾರಪ್ಪನ ಮನೆಯದು?

ಜಗಳ ತರಬಲ್ಲ ಸಾಲು ಕೊನೆಯದು. `Cable extra` ಅಂದರೆ ಕೇಬಲ್‌ಗೆ ಬೇರೆ ದುಡ್ಡು ಕೊಡಬೇಕು ಅಂತ. ಅನುವಾದದಲ್ಲಿ ಅದು “ಹೆಚ್ಚುವರಿ ಕೇಬಲ್” ಆಗಿದೆ. ಓದಿದವರಿಗೆ ಪಂಪ್ ಜೊತೆಗೆ ಕೇಬಲ್ಲನ್ನೂ ಮೇಲಾಗಿ ಕೊಡುತ್ತಾರೆ ಅಂತ ಅರ್ಥ ಆಗುತ್ತೆ. ನಾನೂರು ಅಡಿ ಆಳಕ್ಕೆ ಬಿಡುವ ಕೇಬಲ್ ಸಣ್ಣ ದುಡ್ಡಿನ ಬಾಬತ್ತಲ್ಲ.

ಹಾಗಾಗಿ ಇಲ್ಲ, ಹೊರತು, ಬೇರೆ, ಸೇರಿಲ್ಲ, ಮಾತ್ರ ಅನ್ನುವ ಅರ್ಥದ ಸಾಲುಗಳನ್ನು ಪ್ರತ್ಯೇಕವಾಗಿ ಮೂಲದಲ್ಲಿ ಹುಡುಕಿ, ಕನ್ನಡದಲ್ಲೂ ಅದೇ ಅರ್ಥ ಬಂದಿದೆಯಾ ನೋಡಬೇಕು. ಇವುಗಳನ್ನು ಆ್ಯಪ್‌ಗೆ ಬಿಡುವ ಬದಲು ಕೈಯಿಂದಲೇ ಬರೆದರೆ ಒಳ್ಳೇದು: “ಕೇಬಲ್‌ಗೆ ಬೇರೆ ರೇಟು”, “ಸ್ಟಾರ್ಟರ್ ಸೇರಿಲ್ಲ”.

ಓದಿದರೆ ನಾಲಿಗೆ ತೊಡರುತ್ತಾ?

ಅಳತೆ, ಪದ ಎರಡೂ ಸರಿ ಇದ್ದೂ ಭಾಷೆ ಮರದಂತೆ ಇರಬಹುದು. “ಈ ಉತ್ಪನ್ನವು ನಿಮ್ಮ ನೀರಾವರಿ ಅಗತ್ಯತೆಗಳಿಗೆ ಪರಿಪೂರ್ಣ ಪರಿಹಾರವಾಗಿದೆ, ಈಗ ಆದೇಶಿಸಿ” ಅಂತ ಯಾವ ಅಂಗಡಿಯವರೂ ಮಾತಾಡಲ್ಲ. ಇಂಥದ್ದನ್ನು ಓದಿದವರು ಇದು ಎಲ್ಲಿಯದೋ ನಕಲಿ ಪೇಜ್ ಇರಬೇಕು ಅಂತ ಅನುಮಾನ ಪಡುತ್ತಾರೆ. ಆನ್‌ಲೈನ್ ಮೋಸಗಳ ಮೆಸೇಜ್‌ಗಳೂ ಹೀಗೇ ಇರೋದರಿಂದ ಅವರ ಅನುಮಾನ ತಪ್ಪೂ ಅಲ್ಲ.

ಪರೀಕ್ಷೆ ಸುಲಭ. ಗಟ್ಟಿಯಾಗಿ ಓದಿ. ಓದುವಾಗ ನಾಲಿಗೆ ತೊಡರಿದರೆ ಅಥವಾ ನಗು ಬಂದರೆ ಆ ಸಾಲು ತೆಗೆದು, ಅದೇ ಮಾತನ್ನು ಕೌಂಟರ್‌ನಲ್ಲಿ ಹೇಳುವಂತೆ ಬರೆಯಿರಿ. “6 ಇಂಚಿನ ಬೋರ್‌ಗೆ ಆಗುತ್ತೆ. ಬೇಕಾದವರು ಫೋನ್ ಮಾಡಿ” ಅಂದರೆ ಸಾಕು. ಪರಿಪೂರ್ಣ, ಅತ್ಯುತ್ತಮ, ಪ್ರೀಮಿಯಂ ಅನ್ನುವ ಸಾಲುಗಳನ್ನು ತಿದ್ದುವ ಬದಲು ಕಿತ್ತು ಹಾಕಿದರೂ ಗಿರಾಕಿಗೆ ನಷ್ಟವೇನಿಲ್ಲ.

ವಾಪಸ್ ಇಂಗ್ಲಿಷ್ ಮಾಡಿ ನೋಡಿದರೆ ಸಾಲದು

ಕೆಲವರು ಬಂದ ಕನ್ನಡವನ್ನು ಮತ್ತೆ ಇಂಗ್ಲಿಷ್‌ಗೆ ಅನುವಾದಿಸಿ, ಮೂಲಕ್ಕೆ ಹೊಂದಿದರೆ ಸರಿ ಅಂದುಕೊಳ್ಳುತ್ತಾರೆ. ಬಿದ್ದು ಹೋದ ಸಾಲು ಹಿಡಿಯಲು ಇದು ಸ್ವಲ್ಪ ಸಹಾಯ ಮಾಡುತ್ತೆ. ಆದರೆ ಇದನ್ನೇ ನಂಬುವಂತಿಲ್ಲ. “3 ಹಂತ” ಅನ್ನೋದು ವಾಪಸ್ ಹೋಗುವಾಗ `3 Phase` ಅಂತಲೇ ಆಗಬಹುದು, “ತಲೆ” ಮತ್ತೆ `Head` ಆಗಬಹುದು. ಇಂಗ್ಲಿಷ್ ಮಟ್ಟಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತೆ, ಕನ್ನಡ ಓದುವವನಿಗೆ ಮಾತ್ರ ಏನೂ ತಿಳಿದಿರಲ್ಲ.

ಅದಕ್ಕಿಂತ ಗಟ್ಟಿ ಪರೀಕ್ಷೆ ಅಂದರೆ ಮೋಟಾರ್ ಇಳಿಸುವ ಫಿಟ್ಟರ್‌ಗೆ ಬರೀ ಕನ್ನಡ ವಿವರ ಓದಿ ಹೇಳೋದು. ಪಾಂಪ್ಲೆಟ್ ತೋರಿಸಬಾರದು, ಫೋಟೋನೂ ತೋರಿಸಬಾರದು. ಎಷ್ಟು ಅಡಿಯ ಬೋರ್‌ಗೆ ಬಿಡಬಹುದು, ಯಾವ ಪೈಪು ತರಬೇಕು, ಯಾವ ಸ್ಟಾರ್ಟರ್ ಬೇಕು, ಕೇಬಲ್ ಯಾರು ತರಬೇಕು ಅಂತ ಕೇಳಿ. ನಾಲ್ಕಕ್ಕೂ ತಡವರಿಸದೆ ಉತ್ತರ ಬಂದರೆ ಲಿಸ್ಟಿಂಗ್ ಪಾಸ್. ಯಾವ ಪ್ರಶ್ನೆಗೆ ಅವರು ತಿರುಗಿ ಕೇಳುತ್ತಾರೋ ಅಲ್ಲೇ ಅನುವಾದ ಕೆಟ್ಟಿದೆ ಅಂತ ಅರ್ಥ.

ಅನುವಾದಕ್ಕೆ ಕೊಡುವ ಮುಂಚೆಯೇ ಅರ್ಧ ಕೆಲಸ

ಮೂಲವನ್ನು ಸ್ವಲ್ಪ ಬಿಡಿಸಿ ಬರೆದು ಕೊಟ್ಟರೆ ಈ ತಪ್ಪುಗಳಲ್ಲಿ ಎಷ್ಟೋ ಬರೋದೇ ಇಲ್ಲ. `m` ಇರುವ ಕಡೆ `metres`, `LPM` ಇರುವ ಕಡೆ `litres per minute`, ಗೀಟಿನ ಬದಲು `inch` ಅಂತ ಪೂರ್ತಿ ಟೈಪ್ ಮಾಡಬೇಕು. ಒಂದೊಂದು ವಿವರಕ್ಕೆ ಒಂದೊಂದು ಸಾಲು ಕೊಡಬೇಕು. `Cable extra` ಬದಲು `Cable is sold separately` ಅಂತ ಪೂರ್ತಿ ವಾಕ್ಯ ಕೊಟ್ಟರೆ ಆ್ಯಪ್ ಊಹೆ ಮಾಡೋದು ತಪ್ಪುತ್ತೆ.

ಒಂದು ಮಾಲಿನ ವಿವರ ತಿದ್ದಿ ಸರಿ ಮಾಡಿದ ಮೇಲೆ ಅದನ್ನೇ ಅಚ್ಚಾಗಿ ಇಟ್ಟುಕೊಂಡು ಉಳಿದ ಮಾಡೆಲ್‌ಗಳಿಗೆ ಅಂಕಿ ಬದಲಾಯಿಸುತ್ತಾ ಹೋಗಬಹುದು. ಆದರೆ ಅಚ್ಚಿನಲ್ಲಿ ತಪ್ಪಿದ್ದರೆ ಎಲ್ಲ ಮಾಡೆಲ್‌ಗೂ ಅದೇ ತಪ್ಪು ಹೋಗುತ್ತೆ. ಹಾಗೆಯೇ ತ್ರೀ ಫೇಸ್ ಅಚ್ಚಿನಲ್ಲಿ ಸಿಂಗಲ್ ಫೇಸ್ ಮಾಡೆಲ್ ಹಾಕುವಾಗ ಆ ಒಂದು ಪದ ಬದಲಾಯಿಸೋದು ಮರೆಯುವ ಸಾಧ್ಯತೆ ಜಾಸ್ತಿ.

ತಪ್ಪಾದರೆ ಹೊಣೆ ಯಾರದು?

ಆ್ಯಪ್ ತಪ್ಪು ಮಾಡಿತು ಅನ್ನುವ ಮಾತು ಗಿರಾಕಿಯ ಮುಂದೆ ನಡೆಯಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಆನ್‌ಲೈನ್‌ನಲ್ಲಿ ಮಾರುವವರು ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಮಾಲಿನಲ್ಲಿ ಇಲ್ಲದಿದ್ದರೆ ವಾಪಸ್ ತಗೊಳ್ಳೋಕೆ, ದುಡ್ಡು ಹಿಂದಿರುಗಿಸೋಕೆ ನಿರಾಕರಿಸುವಂತಿಲ್ಲ. ಗಿರಾಕಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ಅವರ ಮೊಬೈಲ್‌ನಲ್ಲಿ ಇದ್ದೇ ಇರುತ್ತೆ. ಕೊಳ್ಳುವವರಿಗೂ ಇದೇ ಮಾತು: ಅಳತೆಯ ಬಾಲ ಇಲ್ಲದ ಲಿಸ್ಟಿಂಗ್ ಕಂಡರೆ ಮೀಟರಾ ಅಡಿಯಾ, ನಿಮಿಷಕ್ಕಾ ಗಂಟೆಗಾ ಅಂತ ಫೋನ್ ಮಾಡಿ ಕೇಳಿ, ಉತ್ತರವನ್ನು ಮೆಸೇಜ್‌ನಲ್ಲಿ ಹಾಕಿಸಿಕೊಂಡೇ ದುಡ್ಡು ಕಳಿಸಿ.

ತಿದ್ದಿದ ಮೇಲೆ ಹೀಗಿರಬೇಕು

ಮೇಲಿನ ಮಾದರಿಯನ್ನೇ ಸರಿ ಮಾಡಿ ಬರೆದರೆ:

ವಿ6 ಸಬ್‌ಮರ್ಸಿಬಲ್ ಪಂಪ್‌ಸೆಟ್ (ಬೋರ್‌ವೆಲ್ ಮೋಟಾರ್), 7.5 ಎಚ್‌ಪಿ, 15 ಸ್ಟೇಜ್.
ತ್ರೀ ಫೇಸ್ ಕರೆಂಟಿಗೆ ಮಾತ್ರ.
ನೀರು ಎತ್ತುವ ಎತ್ತರ (ಹೆಡ್): 80ರಿಂದ 165 ಮೀಟರ್, ಅಂದರೆ ಸುಮಾರು 260ರಿಂದ 540 ಅಡಿ.
ನೀರು ಹೊಡೆಯುವ ಪ್ರಮಾಣ: 80 ಮೀಟರ್‌ಗೆ ನಿಮಿಷಕ್ಕೆ 210 ಲೀಟರ್, 165 ಮೀಟರ್‌ಗೆ ನಿಮಿಷಕ್ಕೆ 60 ಲೀಟರ್.
ಡೆಲಿವರಿ ಪೈಪ್ ಸೈಜು: 2 ಇಂಚು. 6 ಇಂಚಿನ ಬೋರ್‌ಗೆ ಆಗುತ್ತೆ.
ಕೇಬಲ್‌ಗೆ ಬೇರೆ ರೇಟು.

ಗಮನಿಸಿ, ಪಾಂಪ್ಲೆಟ್‌ನಲ್ಲಿ ಬರೀ `210-60` ಅಂತಿದ್ದದ್ದನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ. ಎತ್ತರ ಕಡಿಮೆ ಇದ್ದರೆ ನೀರು ಜಾಸ್ತಿ, ಎತ್ತರ ಹೆಚ್ಚಿದಷ್ಟೂ ನೀರು ಕಡಿಮೆ. ಬೋರ್‌ನ ಆಳವೇ ಹೆಡ್ ಅಲ್ಲ ಅನ್ನೋದೂ ನೆನಪಿರಲಿ. ಪಂಪ್ ಓಡುವಾಗ ನೀರು ಇಳಿದು ನಿಲ್ಲುವ ಮಟ್ಟದಿಂದ ಟ್ಯಾಂಕ್‌ವರೆಗಿನ ಎತ್ತರ, ಜೊತೆಗೆ ಪೈಪಿನೊಳಗೆ ಆಗುವ ಸ್ವಲ್ಪ ನಷ್ಟ, ಇವೆರಡೂ ಸೇರಿ ಹೆಡ್ ಲೆಕ್ಕ ಆಗುತ್ತೆ. ಅಷ್ಟನ್ನು ಗಿರಾಕಿ ಫೋನಲ್ಲಿ ಹೇಳಿದರೆ ಮಾಡೆಲ್ ಯಾವುದು ಅಂತ ಅಂಗಡಿಯವರೇ ಹೇಳಬಹುದು, ಲಿಸ್ಟಿಂಗ್‌ನಲ್ಲಿ ಅಳತೆಗಳು ಸರಿಯಾಗಿದ್ದರೆ.